ಹದಿನೆಂಟು ಚೀಲ ಕಮ್ಮಿ ಬಿದ್ದ ಸ್ಲ್ಯಾಬ್

ಮುರುಮದಲ್ಲಿ ನಾನು ಸೂಪರ್‌ವೈಸರ್ ಆಗಿ ಸ್ವಂತ ಲೆಕ್ಕದ ಮೇಲೆ ಹಾಕಿಸಿದ ಮೊದಲ ಸ್ಲ್ಯಾಬ್ ಪೂರ್ತಿಯಾಗಲಿಲ್ಲ. ಹಿಂದಿನ ಮೂಲೆಯಲ್ಲಿ ಅಡುಗೆಮನೆಯ ಮುಕ್ಕಾಲು ಭಾಗ ಹಾಗೇ ಉಳಿಯಿತು. ಸಿಮೆಂಟ್ ಮುಗಿದಿತ್ತು, ಖಡಿ ಮುಗಿದಿತ್ತು, ಉಸುಕು ಮಧ್ಯಾಹ್ನವೇ ಒಮ್ಮೆ ಮುಗಿದು ಮತ್ತೆ ತರಿಸಿದ್ದಾಗಿತ್ತು. ಆಗ ಡಿಪ್ಲೊಮಾ ಮುಗಿಸಿ ಬಂದ ಹೊಸತು. ಲೆಕ್ಕದ ಹಾಳೆ ನನ್ನ ಜೇಬಿನಲ್ಲೇ ಇತ್ತು. ಅದನ್ನು ಎಷ್ಟು ಸಲ ಗುಣಿಸಿ ನೋಡಿದರೂ ಉತ್ತರ ಅದೇ ಬರುತ್ತಿತ್ತು. ತಪ್ಪು ಗುಣಾಕಾರದಲ್ಲಿ ಇರಲಿಲ್ಲ, ಬೇರೆ ಮೂರು ಕಡೆ ಇತ್ತು. ಅದನ್ನು ಹುಡುಕಿದ ಬಗೆ ಉಮರ್ಗಾ, ನಿಲಂಗಾ, ಉದಗೀರ ಕಡೆ ಸೈಟಿಗೆ ಹೊಸದಾಗಿ ಇಳಿಯುವ ಹುಡುಗರಿಗೆ ಬೇಕಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಆ ಹಾಳೆಯಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಮನೆ 36 ಅಡಿ ಉದ್ದ, 30 ಅಡಿ ಅಗಲ. ಸ್ಲ್ಯಾಬ್ 5 ಇಂಚು ದಪ್ಪ. 1080 ಚದರ ಅಡಿಯನ್ನು 5ರಿಂದ ಗುಣಿಸಿ 12ರಿಂದ ಭಾಗಿಸಿದರೆ 450 ಘನ ಅಡಿ. ಬೀಮುಗಳು 9 ಇಂಚು ಅಗಲ, 15 ಇಂಚು ಎತ್ತರ. ಅದರಲ್ಲಿ ಮೇಲಿನ 5 ಇಂಚು ಸ್ಲ್ಯಾಬಿನಲ್ಲೇ ಸೇರಿತು, ಕೆಳಗೆ ಇಳಿಯುವ 10 ಇಂಚನ್ನಷ್ಟೇ ಬೇರೆ ಹಿಡಿಯಬೇಕು. ಬೀಮುಗಳ ಒಟ್ಟು ಉದ್ದ 228 ಅಡಿ, ಅದರಿಂದ 142 ಘನ ಅಡಿ. ಎರಡೂ ಸೇರಿ 592 ಘನ ಅಡಿ ಹಸಿ ಕಾಂಕ್ರೀಟು.

ಮಿಶ್ರಣ ಎಂ 20, ಅಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ. ಒಣ ಸಾಮಾನಿನ ಅಳತೆ ಹಸಿ ಕಾಂಕ್ರೀಟಿನ ಅಳತೆಗೆ ಸಮ ಬರುವುದಿಲ್ಲ. ಕಡಲೆ ತುಂಬಿದ ಸೇರಿಗೆ ರವೆ ಸುರಿದರೆ ರವೆ ಸಂದಿಯೊಳಗೆ ಇಳಿದುಹೋಗುವ ಹಾಗೆ ಉಸುಕು ಖಡಿಯ ಸಂದಿಗೆ, ಸಿಮೆಂಟ್ ಉಸುಕಿನ ಸಂದಿಗೆ ಇಳಿಯುತ್ತದೆ. ಅದಕ್ಕೆ ಹಸಿ ಅಳತೆಯನ್ನು 1.54ರಿಂದ ಗುಣಿಸುವುದು ರೂಢಿ. ಹಾಗೆ ಲೆಕ್ಕ ಹಾಕಿದರೆ ಒಂದು ಚೀಲ ಸಿಮೆಂಟಿಗೆ ಸುಮಾರು 4.37 ಘನ ಅಡಿ ಕಾಂಕ್ರೀಟ್ ಬರುತ್ತದೆ. 592ಕ್ಕೆ 136 ಚೀಲ. ನಾನು 140 ತರಿಸಿದೆ. ಉಸುಕು ಎರಡೂವರೆ ಬ್ರಾಸ್, ಖಡಿ ಐದು ಬ್ರಾಸ್. ಒಂದು ಬ್ರಾಸ್ ಅಂದರೆ 100 ಘನ ಅಡಿ ಅನ್ನೋದು ನಮ್ಮ ಕಡೆ ಟ್ರ್ಯಾಕ್ಟರ್ ಹೊಡೆಯುವ ಹುಡುಗನಿಗೂ ಗೊತ್ತು.

ಹಾಳೆ ಇಷ್ಟೇ. ಇದನ್ನು ಯಾವ ಪರೀಕ್ಷೆಯಲ್ಲಿ ಬರೆದಿದ್ದರೂ ಪೂರ್ತಿ ಅಂಕ ಸಿಗುತ್ತಿತ್ತು.

1. ಯಾವ ಸಾಮಾನು ಯಾವಾಗ ಮುಗೀತು ಅಂತ ಬರೆದಿಡಿ

ಸಾಮಾನು ಕಮ್ಮಿ ಬಿದ್ದಾಗ ಎಲ್ಲರೂ ಕೇಳುವುದು ‘ಎಷ್ಟು ಕಮ್ಮಿ’ ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಯಾವುದು ಮೊದಲು ಮುಗೀತು’ ಅಂತ. ಇದನ್ನು ನನಗೆ ಕಲಿಸಿದವರು ಆ ಸೈಟಿನ ಹಿರಿಯ ಗೌಂಡಿ. ಮಿಕ್ಸರ್ ನಡೆಸುವವನು ಪ್ರತಿ ಚೀಲಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ. ಉಸುಕು ಬರಿದಾದಾಗ ಗೌಂಡಿ ಆ ಗೆರೆಯ ಪಕ್ಕದಲ್ಲಿ ಒಂದು ಸೊನ್ನೆ ಬರೆಸಿದರು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ. ಆಮೇಲೆ ಎಣಿಸಿದರೆ ಆ ಸೊನ್ನೆ 113ನೇ ಚೀಲದ ಹತ್ತಿರ ಇತ್ತು.

ನನ್ನ ಹುಡುಕಾಟವೆಲ್ಲ ಶುರುವಾದದ್ದು ಆ ಸೊನ್ನೆಯಿಂದ. ಅಳತೆಯಲ್ಲೇ ತಪ್ಪಿದ್ದರೆ, ಅಂದರೆ ಸ್ಲ್ಯಾಬ್ ನಾನು ಹಿಡಿದದ್ದಕ್ಕಿಂತ ದೊಡ್ಡದಿದ್ದರೆ, ಸಿಮೆಂಟ್, ಉಸುಕು, ಖಡಿ ಮೂರೂ ಒಂದೇ ಪ್ರಮಾಣದಲ್ಲಿ ಕಮ್ಮಿ ಬೀಳಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಯಬೇಕು. ಸಿಮೆಂಟ್ ಒಂದೇ ಮೊದಲು ಮುಗಿದರೆ ಫರ್ಮಾ ಪೂರ್ತಿ ತುಂಬಿಸುತ್ತಿಲ್ಲ, ಮಾಲು ಶ್ರೀಮಂತವಾಗಿ ಬೀಳುತ್ತಿದೆ ಅಂತ ಅರ್ಥ, ಇಲ್ಲವೆ ಚೀಲ ಎಲ್ಲೋ ಹೋಗಿದೆ. ಉಸುಕು ಒಂದೇ ಮೊದಲು ಮುಗಿದರೆ ದೋಷ ಉಸುಕಿನ ಅಳತೆಯದ್ದು.

ನಮ್ಮಲ್ಲಿ ಇವುಗಳಲ್ಲಿ ಮೊದಲನೆಯದು, ಕೊನೆಯದು ಎರಡೂ ಆಗಿತ್ತು. ಉಸುಕು ಒಂದೇ 113ಕ್ಕೆ ನಿಂತಿತು. ಪಕ್ಕದ ಓಣಿಯ ಸೈಟಿನಿಂದ ಒಂದು ಟ್ರ್ಯಾಕ್ಟರ್ ಉಸುಕು ಬೇಡಿ ತಂದ ಮೇಲೆ ಕೆಲಸ ಮತ್ತೆ ನಡೆಯಿತು. ಸಂಜೆ ಖಡಿ ಮತ್ತು ಸಿಮೆಂಟ್ ಒಂದರ ಹಿಂದೆ ಒಂದು ಮುಗಿದವು. ಅಂದರೆ ಅಳತೆಯಲ್ಲಿ ಒಂದು ತಪ್ಪು, ಉಸುಕಿನಲ್ಲಿ ಇನ್ನೊಂದು ತಪ್ಪು. ಎರಡನ್ನೂ ಒಂದರಲ್ಲಿ ಬೆರೆಸಿ ಯೋಚಿಸಿದ್ದರೆ ಎರಡೂ ಸಿಗುತ್ತಿರಲಿಲ್ಲ.

2. ಖಾಲಿ ಚೀಲ ಎಣಿಸುವ ತನಕ ಯಾರ ಮೇಲೂ ಮಾತು ಹಾಕಬೇಡಿ

ಆ ರಾತ್ರಿ ನನ್ನ ತಲೆಗೆ ಮೊದಲು ಬಂದದ್ದು ಕಳ್ಳತನ. ಸಿಮೆಂಟ್ ಇಟ್ಟಿದ್ದ ಕೋಣೆಗೆ ಬಾಗಿಲು ಇರಲಿಲ್ಲ. ಬಿಗಾರಿಗಳಲ್ಲಿ ಇಬ್ಬರು ಹೊಸಬರಿದ್ದರು. ಮನೆಯ ಮಾಲೀಕರ ಎದುರು ನಾನು ‘ಚೀಲ ಹೋಗಿರಬೇಕು ಕಾಕಾ’ ಅಂದುಬಿಟ್ಟೆ. ಆ ಮಾತು ಆ ಇಬ್ಬರ ಕಿವಿಗೂ ಬಿತ್ತು. ಅವರ ಮುಖ ಈಗಲೂ ನೆನಪಿದೆ, ಅದರ ಬಗ್ಗೆ ನನಗೆ ಇವತ್ತಿಗೂ ನೋವಿದೆ.

ಗೌಂಡಿ ಏನೂ ಹೇಳದೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಖಾಲಿ ಚೀಲಗಳನ್ನು ಜಾಡಿಸಿ, ಹತ್ತತ್ತರ ಕಟ್ಟು ಕಟ್ಟಿ ಗೋಡೆಗೆ ಒರಗಿಸಿ ಇಟ್ಟಿದ್ದರು. ಖಾಲಿ ಚೀಲಕ್ಕೂ ರೊಕ್ಕ ಬರುತ್ತದೆ, ಹಾಗಾಗಿ ಅವನ್ನು ಯಾರೂ ಎಸೆಯುವುದಿಲ್ಲ. ಕಟ್ಟು ಹದಿನಾಲ್ಕು ಇದ್ದವು.

‘ಎಣಸ್ರಿ ಸಾಹೇಬ್ರ. ಒಳಗ ಬಂದಿದ್ದು ನೂರಾ ನಲವತ್ತು, ಖಾಲಿ ಆಗಿದ್ದು ನೂರಾ ನಲವತ್ತು. ಗ್ವಾಡಿ ಮ್ಯಾಲಿನ ಗೆರಿನೂ ಅಷ್ಟ ಅದಾವ. ಹೋಗಿದ್ದು ಎಲ್ಲಿಗಿ? ಮ್ಯಾಲ ಹೋಗ್ಯದ, ಸ್ಲ್ಯಾಬಿನ್ಯಾಗ.’

ಮರುದಿನ ಬೆಳಗ್ಗೆ ಆ ಇಬ್ಬರ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಒಬ್ಬ ‘ಇರ್ಲಿ ಬಿಡ್ರಿ’ ಅಂದ, ಇನ್ನೊಬ್ಬ ಮಾತಾಡಲಿಲ್ಲ.

ಖಾಲಿ ಚೀಲದ ಲೆಕ್ಕ ಕಳ್ಳತನದ ಅನುಮಾನ ಕಳೆಯುವುದಕ್ಕಷ್ಟೇ ಅಲ್ಲ. ಎಷ್ಟು ಕಾಂಕ್ರೀಟ್ ನಿಜವಾಗಿ ತಯಾರಾಯಿತು ಅನ್ನೋದಕ್ಕೆ ಸೈಟಿನಲ್ಲಿ ಇರುವ ನಂಬಿಕಸ್ಥ ಲೆಕ್ಕ ಅದೊಂದೇ. ಉಸುಕಿನ ರಾಶಿ, ಖಡಿಯ ರಾಶಿ ಅಂದಾಜಿನ ಮಾತು, ಚೀಲ ಅಂದಾಜಲ್ಲ. ಮರುದಿನ ಅಡುಗೆಮನೆಯ ಭಾಗಕ್ಕೆ ಇನ್ನೂ 18 ಚೀಲ ಬಿದ್ದವು. ಒಟ್ಟು 158. ಚೀಲಕ್ಕೆ 4.37ರಂತೆ ಹಿಡಿದರೆ 690 ಘನ ಅಡಿ. ನನ್ನ ಹಾಳೆಯಲ್ಲಿ ಇದ್ದದ್ದು 592. ಹಾಗಾದರೆ ಹುಡುಕಬೇಕಾದದ್ದು 98 ಘನ ಅಡಿ. ಇದು ಸಣ್ಣದಲ್ಲ, ಒಂದು ಕೋಣೆಯ ಮೇಲಿನ ಇಡೀ ಸ್ಲ್ಯಾಬಿಗಿಂತ ಹೆಚ್ಚು.

3. ಕಾಗದ ಅಳೆಯಬೇಡಿ, ಸೆಂಟ್ರಿಂಗ್ ಅಳೆಯಿರಿ

98ರಲ್ಲಿ ಮೊದಲ ತುಂಡು ಸಿಕ್ಕಿದ್ದು ಬಹಳ ಸುಲಭವಾಗಿ. ಟೇಪ್ ಹಿಡಿದು ಸ್ಲ್ಯಾಬಿನ ಮೇಲೆ ಉದ್ದಕ್ಕೆ ಎಳೆದರೆ 36 ಅಡಿಯ ಬದಲು 39 ಅಡಿ ಬಂತು. ಮನೆಯ ಮುಂದೆ, ಬಾಗಿಲ ಮೇಲೆ ನೆರಳಿಗೆ ಅಂತ ಸ್ಲ್ಯಾಬ್ 3 ಅಡಿ ಹೊರಗೆ ಚಾಚಿತ್ತು. ನಾನು ಅಳತೆ ತೆಗೆದುಕೊಂಡದ್ದು ನೆಲದ ಪ್ಲ್ಯಾನಿನಿಂದ. ನೆಲದ ಪ್ಲ್ಯಾನಿನಲ್ಲಿ ಗೋಡೆಗಳಿರುತ್ತವೆ, ಮೇಲೆ ಚಾಚಿದ ಭಾಗವನ್ನು ತುಂಡು ತುಂಡು ಗೆರೆಯಲ್ಲಿ ತೋರಿಸಿರುತ್ತಾರೆ, ಇಲ್ಲವೆ ಸೆಕ್ಷನ್ ಹಾಳೆಯಲ್ಲಿ ಮಾತ್ರ ಇರುತ್ತದೆ. ಆ ಹಾಳೆ ನನ್ನ ಹತ್ತಿರವೇ ಇತ್ತು. ಸಳಿ ಕಟ್ಟುವಾಗ ಅದನ್ನೇ ನೋಡಿ ಚಾಚಿದ ಭಾಗಕ್ಕೆ ಮೇಲಿನ ಸಳಿ ಹಾಕಿಸಿದ್ದೆ ಕೂಡ. ಆದರೆ ಸಾಮಾನಿನ ಲೆಕ್ಕ ಹಾಕಿದ್ದು ಅದಕ್ಕಿಂತ ಬಹಳ ಮೊದಲು. ಆಮೇಲೆ ತಿರುಗಿ ನೋಡಲಿಲ್ಲ.

30 ಅಡಿ ಅಗಲ, 3 ಅಡಿ ಚಾಚು, 5 ಇಂಚು ದಪ್ಪ. ಅಲ್ಲಿಗೆ ಮೂವತ್ತೇಳೂವರೆ ಘನ ಅಡಿ, ಅಂದರೆ ಎಂಟೂವರೆ ಚೀಲ.

ಈಗ ನಾನು ಎರಡು ಸಲ ಲೆಕ್ಕ ಮಾಡುತ್ತೇನೆ. ಒಂದು, ಸಾಮಾನು ಹೇಳುವ ಮೊದಲು ಕಾಗದದಿಂದ. ಎರಡನೆಯದು, ಸೆಂಟ್ರಿಂಗ್ ಮುಗಿದು ಬದಿಯ ಹಲಗೆ ಹೊಡೆದ ಮೇಲೆ, ಅದರ ಮೇಲೆ ಹತ್ತಿ ಟೇಪಿನಿಂದ. ಹಲಗೆಯಿಂದ ಹಲಗೆಗೆ ಎಷ್ಟಿದೆಯೋ ಅಷ್ಟು ಕಾಂಕ್ರೀಟ್ ಹಿಡಿಯುತ್ತದೆ, ಕಾಗದದಲ್ಲಿ ಏನೇ ಬರೆದಿರಲಿ. ಬೀಮಿನ ಪೆಟ್ಟಿಗೆಯೊಳಗೂ ಟೇಪ್ ಇಳಿಸಿ ಎತ್ತರ ನೋಡುತ್ತೇನೆ. 15 ಇಂಚಿನ ಬೀಮು 16 ಆಗಿರುವುದು ಅಪರೂಪವಲ್ಲ.

4. ಅರ್ಧ ಇಂಚು ಎಲ್ಲಿಂದ ಬಂತು

ಉಳಿದ ಅರವತ್ತು ಘನ ಅಡಿ ನನ್ನನ್ನು ಬಹಳ ಕಾಡಿತು. ನನಗೆ ಮೊದಲು ಅನುಮಾನ ಬಂದದ್ದು 1.54ರ ಮೇಲೆ. ಕೆಲವು ಪುಸ್ತಕದಲ್ಲಿ 1.52, ಕೆಲವದರಲ್ಲಿ 1.57 ಇರುತ್ತದೆ. ಆದರೆ 1.57 ಹಿಡಿದರೂ ಹೆಚ್ಚಾಗುವುದು ಎರಡು ಮೂರು ಚೀಲ. ಅದರಿಂದ ನನ್ನ ಗಂಟು ಬಿಡುವ ಹಾಗಿರಲಿಲ್ಲ.

ದಪ್ಪ ಹೆಚ್ಚಾಗಿದೆಯೇ ಅಂತ ನೋಡಿದೆ. ಬದಿಯ ಹಲಗೆ ಬಿಚ್ಚಿದಾಗ ಸುತ್ತಲೂ ಅಳೆದೆ. ಎಲ್ಲ ಕಡೆ ಸರಿಯಾಗಿ 5 ಇಂಚು. ದಪ್ಪ ಸರಿಯಿದೆ ಅಂತ ಆ ದಾರಿ ಬಿಟ್ಟುಬಿಟ್ಟೆ. ನಾನು ದಾರಿ ತಪ್ಪಿದ್ದು ಅಲ್ಲಿಯೇ. ಬದಿಯಲ್ಲಿ 5 ಇಂಚು ಇರಲೇಬೇಕು, ಯಾಕೆಂದರೆ ಬದಿಯ ಹಲಗೆಯೇ 5 ಇಂಚಿನದು. ಅಂಚು ಅಳೆದರೆ ಗೊತ್ತಾಗುವುದು ಹಲಗೆಯ ಅಗಲ, ಸ್ಲ್ಯಾಬಿನ ದಪ್ಪ ಅಲ್ಲ.

ನಿಜ ಹೊರಬಿದ್ದದ್ದು ಬಚ್ಚಲಿನ ಪೈಪಿಗೆ ಬಿಟ್ಟಿದ್ದ ತೂತಿನಲ್ಲಿ. ಪ್ಲಂಬರ್ ಬಂದು ಪೈಪ್ ಇಳಿಸುವಾಗ ‘ಇಲ್ಲಿ ಸ್ಲ್ಯಾಬ್ ದಪ್ಪ ಅದ’ ಅಂದ. ಟೇಪ್ ಹಾಕಿದರೆ ಐದೂವರೆಗೂ ಮೇಲೆ. ಮೆಟ್ಟಿಲಿಗೆ ಬಿಟ್ಟ ಜಾಗದ ಅಂಚಿನಲ್ಲಿ ಐದೂಮುಕ್ಕಾಲು. ಬೀಮಿನ ಹತ್ತಿರದ ಇನ್ನೊಂದು ತೂತಿನಲ್ಲಿ ಐದೂಕಾಲು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಒಳಗೆ ಹೋಗಿ ಬೀಮಿನಿಂದ ಬೀಮಿಗೆ, ಸ್ಲ್ಯಾಬಿನ ತಳಕ್ಕೆ ಹತ್ತಿಸಿ ದಾರ ಎಳೆದು ಹಿಡಿದೆವು. ದಾರ ಕೋಣೆಯ ನಡುವೆ ಸ್ಲ್ಯಾಬಿಗೆ ತಾಕಿ ಬಾಗಿತು. ಅಂದರೆ ತಳ ನಡುವೆ ಕೆಳಗೆ ಇಳಿದಿತ್ತು. ಮೇಲಿನ ಮೈ ಮಾತ್ರ ಪಟ್ಟಿ ಹೊಡೆದು ಮಟ್ಟ ಮಾಡಿದ್ದರಿಂದ ಸಾಪಾಟಾಗಿತ್ತು. ಕೆಳಗೆ ಇಳಿದಷ್ಟೂ ಕಾಂಕ್ರೀಟು ತುಂಬಿಕೊಂಡಿತ್ತು.

ಯಾಕೆ ಇಳಿಯಿತು ಅನ್ನೋದಕ್ಕೆ ಉತ್ತರ ನೆಲದಲ್ಲಿತ್ತು. ನಮ್ಮದು ಕಪ್ಪು ಮಣ್ಣಿನ ಸೀಮೆ. ಒಳಗೆ ತುಂಬಿದ ಮಣ್ಣಿಗೆ ನೀರು ಬಿಟ್ಟಿದ್ದೆವು, ಸರಿಯಾಗಿ ಕುಟ್ಟಿರಲಿಲ್ಲ. ಸೆಂಟ್ರಿಂಗಿನ ಬಲ್ಲಿಗಳನ್ನು ಅದರ ಮೇಲೆ ಹಾಗೇ ನಿಲ್ಲಿಸಿದ್ದರು, ಕೆಲವಕ್ಕೆ ಮಾತ್ರ ಅಡಿಗೆ ಇಟ್ಟಂಗಿ ಚೂರು ಇತ್ತು. ಹಸಿ ಕಾಂಕ್ರೀಟಿನ ಭಾರ, ಅದರ ಮೇಲೆ ಜನರ ಓಡಾಟ, ವೈಬ್ರೇಟರಿನ ನಡುಕ. ಬಲ್ಲಿ ಸ್ವಲ್ಪ ಸ್ವಲ್ಪವೇ ಮಣ್ಣಿಗೆ ಇಳಿದಿದೆ. ನಾವು ಮೇಲೆ ನಿಂತು ಮಟ್ಟ ನೋಡುತ್ತಿದ್ದೆವು, ಕೆಳಗೆ ಹೋಗಿ ಬಲ್ಲಿ ನೋಡಲು ಯಾರನ್ನೂ ಬಿಟ್ಟಿರಲಿಲ್ಲ.

ಅಳೆದ ಜಾಗಗಳ ಸರಾಸರಿ ಅರ್ಧ ಇಂಚು ಹೆಚ್ಚಿಗೆ ಬಂತು. 1170 ಚದರ ಅಡಿಗೆ ಅರ್ಧ ಇಂಚು ಅಂದರೆ ಹತ್ತಿರಹತ್ತಿರ 49 ಘನ ಅಡಿ, ಹನ್ನೊಂದು ಚೀಲ. ಚಾಚಿದ ಭಾಗದ ಮೂವತ್ತೇಳೂವರೆ ಸೇರಿಸಿದರೆ 86. ಉಳಿದ 12 ಘನ ಅಡಿ ಬಾಂಡ್ಲಿಯಿಂದ ಚೆಲ್ಲಿದ್ದು, ಹಲಗೆಯ ಸಂದಿಯಿಂದ ಸೋರಿದ್ದು, ಮಿಕ್ಸರಿಗೆ ಅಂಟಿದ್ದು. ನೂರಕ್ಕೆ ಎರಡರಷ್ಟು. ಅಷ್ಟು ಎಲ್ಲ ಸೈಟಿನಲ್ಲೂ ಹೋಗುತ್ತದೆ, ಅದನ್ನು ಮೊದಲೇ ಹಿಡಿಯಬೇಕು. ಅಲ್ಲಿಗೆ 98 ಪೂರ್ತಿ ಸಿಕ್ಕಿತು.

ಇದನ್ನು ಮಾಲೀಕರಿಗೆ ಬಿಡಿಸಿ ಹೇಳಿದಾಗ ಅವರಿಗೆ ಬೇಸರವಾಗಲಿಲ್ಲ. ‘ದಪ್ಪ ಆತು ಅಂದ್ರ ಗಟ್ಟಿ ಆತಲ್ಲೋ ತಮ್ಮಾ’ ಅಂದರು. ಈ ಮಾತನ್ನು ನಮ್ಮ ಭಾಗದಲ್ಲಿ ಬಹಳ ಜನ ಹೇಳುತ್ತಾರೆ, ಅದನ್ನು ಸುಮ್ಮನೆ ಬಿಡಲು ನನಗೆ ಆಗುವುದಿಲ್ಲ. ಆ ಅರ್ಧ ಇಂಚಿನ ತೂಕ ಸುಮಾರು ಮೂರೂವರೆ ಟನ್. ಬೀಮು, ಕಾಲಮ್, ಪಾಯ ಎಲ್ಲವನ್ನೂ ಲೆಕ್ಕ ಹಾಕಿದ್ದು 5 ಇಂಚಿನ ಭಾರಕ್ಕೆ. ಸಳಿ ಕೂಡ ಅಷ್ಟಕ್ಕೇ. ಮೇಲಿನ ಭಾರ ಹೆಚ್ಚಾದರೆ ನೆಲ ಅಲುಗಿದಾಗ ಮನೆಯನ್ನು ಅತ್ತಿತ್ತ ತಳ್ಳುವ ಬಲವೂ ಹೆಚ್ಚಾಗುತ್ತದೆ.

ನೆಲ ಅಲುಗುವುದು ನಮಗೆ ಪುಸ್ತಕದ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಕಡೆ ಭೂಕಂಪ ಆದಾಗ ಸಾವಿರಾರು ಜನ ಸತ್ತದ್ದು ತಮ್ಮ ಮನೆಯ ಮಾಳಿಗೆಯ ಕೆಳಗೇ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ವರ್ಷ ವರ್ಷ ಹಾಕುತ್ತಾ ಬಂದ ಮಣ್ಣು. ಬೇಸಿಗೆಗೆ ತಂಪು, ಆದರೆ ಭಾರ ವಿಪರೀತ. ಆ ಮೊದಲು ಭೂಕಂಪದ ನಕ್ಷೆಯಲ್ಲಿ ನಮ್ಮ ಭಾಗ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು, 2002ರ ಪರಿಷ್ಕರಣೆಯಲ್ಲಿ ಆ ಪ್ರದೇಶವನ್ನು ಮೂರನೇ ವಲಯಕ್ಕೆ ಹಾಕಿದರು. ಕಾಕಾನ ಮನೆಯ ಕಾಲಮ್‌ಗಳು ಮೂರೂವರೆ ಟನ್ ತಡೆದುಕೊಳ್ಳುತ್ತವೋ ಇಲ್ಲವೋ ಅಂತ ಇಂಜಿನಿಯರನ್ನು ಕೇಳಿಕೊಂಡು ಬಂದೆ. ತಡೆಯುತ್ತವೆ, ಆದರೆ ಮೇಲೆ ಮಳೆನೀರಿಗೆ ಇಳಿಜಾರು ಮಾಡುವಾಗ ದಪ್ಪ ಗಾರೆ ಹಾಕಬೇಡಿ ಅಂದರು. ಹಾಗೇ ಮಾಡಿದೆವು.

ಈಗ ಪ್ರತಿ ಬಲ್ಲಿಯ ಅಡಿಗೆ ಹಲಗೆ ಹಾಕಿಸುತ್ತೇನೆ, ಹಲಗೆಯ ಅಡಿಯ ಮಣ್ಣು ಕುಟ್ಟಿಸುತ್ತೇನೆ. ಸ್ಲ್ಯಾಬ್ ಬೀಳುವಾಗ ಒಬ್ಬನನ್ನು ಕೆಳಗೇ ನಿಲ್ಲಿಸುತ್ತೇನೆ, ಅವನ ಕೆಲಸ ಬಲ್ಲಿ ನೋಡುವುದು ಮತ್ತು ಬೆಣೆ ಬಿಗಿ ಮಾಡುವುದು ಮಾತ್ರ. ಮೇಲೆ ನನ್ನ ಕೈಯಲ್ಲಿ ಒಂದು ಸಳಿ ತುಂಡು ಇರುತ್ತದೆ, 5 ಇಂಚಿಗೆ ಬಣ್ಣದ ಗುರುತು ಹಾಕಿದ್ದು. ಹಸಿ ಕಾಂಕ್ರೀಟಿಗೆ ಅದನ್ನು ತಳ ಮುಟ್ಟುವ ತನಕ ಚುಚ್ಚಿದರೆ ಗುರುತು ಮುಳುಗಿತೋ ಕಾಣುತ್ತದೋ ಅಲ್ಲೇ ಗೊತ್ತಾಗುತ್ತದೆ. ಕೋಣೆಯ ನಡುವೆ ಚುಚ್ಚಬೇಕು, ಅಂಚಿನಲ್ಲಿ ಅಲ್ಲ.

5. ಉಸುಕನ್ನು ಹಸಿ ಇದ್ದಾಗ ಅಳೆದು ಒಣಗಿದ ಮೇಲೆ ಬಳಸಿದರೆ ಕಮ್ಮಿ ಬೀಳುತ್ತದೆ

113ನೇ ಚೀಲದ ಸೊನ್ನೆ ಇನ್ನೂ ಬಾಕಿ ಇತ್ತು. ಒಂದು ಚೀಲಕ್ಕೆ ಒಂದೂವರೆ ಫರ್ಮಾ ಉಸುಕು. ಫರ್ಮಾ ಚೀಲದಷ್ಟೇ ಹಿಡಿಯುವುದು, 35 ಲೀಟರ್, ಅಂದರೆ ಸುಮಾರು ಒಂದೂಕಾಲು ಘನ ಅಡಿ. 113 ಚೀಲಕ್ಕೆ 210 ಘನ ಅಡಿ ಉಸುಕು ಹೋಗಿದೆ. ಗಾಡಿಯಲ್ಲಿ ಟೇಪ್ ಹಿಡಿದು ನಾನೇ ಅಳೆದಾಗ 250 ಇತ್ತು. 40 ಘನ ಅಡಿ ಎಲ್ಲಿ ಹೋಯಿತು?

ಉಸುಕು ಬಂದಾಗ ತೇವ ಇತ್ತು. ತೇವದ ಉಸುಕಿನಲ್ಲಿ ಪ್ರತಿ ಕಣದ ಸುತ್ತ ನೀರಿನ ತೆಳು ಪದರ ಇರುತ್ತದೆ, ಅದು ಕಣಗಳನ್ನು ಒಂದಕ್ಕೊಂದು ತಾಗದಂತೆ ದೂರ ಹಿಡಿಯುತ್ತದೆ. ಹಾಗಾಗಿ ಉಸುಕು ಉಬ್ಬುತ್ತದೆ. ನೂರಕ್ಕೆ ಐದಾರರಷ್ಟು ತೇವ ಇದ್ದಾಗ ಉಬ್ಬು ಅತಿ ಹೆಚ್ಚು, ಇಪ್ಪತ್ತು ಮೂವತ್ತು ಪಾಲಿನ ತನಕ ಹೋಗುತ್ತದೆ. ಪೂರ್ತಿ ಒಣಗಿದರೆ ಇಳಿಯುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿದರೂ ಇಳಿಯುತ್ತದೆ. ಬಿಸಿಲಿನಲ್ಲಿ ರಾಶಿ ಬಿದ್ದಿದ್ದ ಉಸುಕು ಸ್ಲ್ಯಾಬಿನ ದಿನಕ್ಕೆ ಒಣಗಿ ಕುಗ್ಗಿತ್ತು. ಗಾಡಿಯವನು ಮೋಸ ಮಾಡಿರಲಿಲ್ಲ.

ಇದನ್ನು ನೋಡುವುದಕ್ಕೆ ಲ್ಯಾಬ್ ಬೇಡ. ನೇರ ಗೋಡೆಯ ಡಬ್ಬಿಯಲ್ಲಿ ತೇವದ ಉಸುಕನ್ನು ಕುಟ್ಟದೆ ಸಡಿಲವಾಗಿ 12 ಇಂಚು ತುಂಬಿಸಿ. ನೀರು ಹಾಕಿ ಪೂರ್ತಿ ಮುಳುಗಿಸಿ, ಕೋಲಿನಿಂದ ಕಲಕಿ ಬಿಡಿ. ಉಸುಕು 10 ಇಂಚಿಗೆ ಇಳಿದರೆ, ಇಳಿದ 2 ಇಂಚನ್ನು 10ರಿಂದ ಭಾಗಿಸಿ, ಉಬ್ಬು ನೂರಕ್ಕೆ 20. ಅಂಥ ಉಸುಕು ಎರಡೂವರೆ ಬ್ರಾಸ್ ಬೇಕಾದಲ್ಲಿ ಮೂರು ಬ್ರಾಸ್ ಹೇಳಬೇಕು. ಕ್ರಶ್ ಮಾಡಿದ ಉಸುಕೂ ಉಬ್ಬುತ್ತದೆ, ಅದಕ್ಕೂ ಇದೇ ಪರೀಕ್ಷೆ.

ಇದರ ಇನ್ನೊಂದು ಮಗ್ಗಲು ನನಗೆ ತಡವಾಗಿ ಹೊಳೆಯಿತು. ಉಸುಕು ತೇವ ಇದ್ದಾಗಲೇ ಸ್ಲ್ಯಾಬ್ ಹಾಕಿದ್ದರೆ ಏನಾಗುತ್ತಿತ್ತು? ಫರ್ಮಾದಲ್ಲಿ ತುಂಬುವುದೂ ಉಬ್ಬಿದ ಉಸುಕೇ ಆದ್ದರಿಂದ ಉಸುಕು ಕಮ್ಮಿ ಬಿದ್ದಂತೆ ಕಾಣುವುದೇ ಇಲ್ಲ. ಆದರೆ ಪ್ರತಿ ಚೀಲಕ್ಕೆ ನಿಜವಾದ ಉಸುಕು ಕಡಿಮೆ ಬೀಳುತ್ತದೆ, ಕಾಂಕ್ರೀಟೂ ಕಡಿಮೆ ಬರುತ್ತದೆ, ಖಡಿ ಖಡಿಯಾಗಿ ಎದ್ದು ಕಾಣುತ್ತದೆ. ಕಮ್ಮಿ ಬೀಳುವುದು ಸಿಮೆಂಟು ಮತ್ತು ಖಡಿ. ಮಳೆಗಾಲದಲ್ಲಿ ‘ಸಿಮೆಂಟ್ ಬಹಳ ತಿಂತು’ ಅಂತ ಗೌಂಡಿಗಳು ಹೇಳುವುದಕ್ಕೆ ಬಹಳ ಸಲ ಕಾರಣ ಇದೇ. ಆಗ ಫರ್ಮಾದ ಉಸುಕನ್ನು ಉಬ್ಬಿನಷ್ಟು ಹೆಚ್ಚಿಸಬೇಕು, ಉಸುಕಿನ ಜೊತೆ ಬಂದ ನೀರನ್ನು ಮಿಕ್ಸರಿನ ನೀರಿನಲ್ಲಿ ಕಳೆಯಬೇಕು.

6. ನಿಲ್ಲಿಸಲೇಬೇಕಾದರೆ ಎಲ್ಲಿ ನಿಲ್ಲಿಸಬೇಕು

ಸಂಜೆ ಖಡಿ ಮುಗಿಯುತ್ತ ಬಂದಾಗ ರಾತ್ರಿ ಗಾಡಿ ಸಿಗುವ ಹಾಗಿರಲಿಲ್ಲ. ನಾನು ಬೀಮಿನ ಮೇಲೆ ನಿಲ್ಲಿಸಿಬಿಡೋಣ ಅಂದೆ, ನೋಡಲು ನೇರವಾಗಿರುತ್ತದೆ ಅಂತ. ಗೌಂಡಿ ಒಪ್ಪಲಿಲ್ಲ.

‘ಬೀಮಿನ ಮ್ಯಾಲ ಬ್ಯಾಡ್ರಿ. ನಡಕ್ಕ ನಿಲ್ಲಸೂಣು. ಹಲಗಿ ಕೊಡ್ರಿ.’

ಅವರ ಮಾತು ಸರಿಯಾಗಿತ್ತು. ಸ್ಲ್ಯಾಬನ್ನು ಕತ್ತರಿಸುವ ಬಲ ಬೀಮಿನ ಹತ್ತಿರ ಅತಿ ಹೆಚ್ಚು, ಎರಡು ಬೀಮಿನ ನಡುವೆ ಅತಿ ಕಡಿಮೆ. ಅದಕ್ಕೆ ಜೋಡಣೆ ನಡುವಿನ ಮೂರನೇ ಒಂದು ಭಾಗದಲ್ಲಿ ಬರಬೇಕು. ಕಾಂಕ್ರೀಟನ್ನು ಇಳಿಜಾರಾಗಿ ತೆಳ್ಳಗೆ ಹರಡಿ ಬಿಡಬಾರದು, ಸಳಿಗೆ ಹಲ್ಲು ಕೊಯ್ದ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಅದಕ್ಕೆ ಒತ್ತಿ ತುಂಬಬೇಕು. ತೆಳು ಅಂಚು ಮರುದಿನ ಚೂರಾಗಿ ಏಳುತ್ತದೆ.

ಬೆಳಗ್ಗೆ ಹಲಗೆ ಬಿಚ್ಚಿ, ತಂತಿ ಬ್ರಷ್ಷಿನಿಂದ ಮೇಲಿನ ಬಿಳಿ ಕೆನೆ ತೆಗೆದು ಖಡಿ ಕಾಣುವಂತೆ ಮಾಡಿ, ತೊಳೆದು, ನಿಂತ ನೀರು ಒರೆಸಿ, ಸಿಮೆಂಟ್ ಹಾಲು ಬಳಿದು ಅದು ಹಸಿಯಿದ್ದಾಗಲೇ ಹೊಸ ಕಾಂಕ್ರೀಟು ಹಾಕಿದೆವು. ಆ ಜಾಗದಲ್ಲಿ ಇವತ್ತಿನ ತನಕ ನೀರು ಇಳಿದಿಲ್ಲ. ನನಗೆ ಹೆಚ್ಚು ಭಯ ಇದ್ದದ್ದು ಮಧ್ಯಾಹ್ನ ಉಸುಕಿಗೆ ಕಾಯುವಾಗ ಬಿಸಿಲಿಗೆ ಬಿದ್ದಿದ್ದ ಅಂಚಿನದು. ಅಲ್ಲಿ ಹಲಗೆ ಇರಲಿಲ್ಲ, ಹಸಿ ಗೋಣಿಚೀಲ ಹೊದಿಸಿದ್ದೆವು ಅಷ್ಟೆ. ಸಿಮೆಂಟ್ ಅರ್ಧ ಗಂಟೆಯ ಮೇಲೆ ಯಾವಾಗ ಬೇಕಾದರೂ ಗಟ್ಟಿಯಾಗಲು ಶುರು ಮಾಡಬಹುದು, ಬೇಸಿಗೆಯಲ್ಲಿ ಇನ್ನೂ ಬೇಗ. ಉಸುಕು ಬಂದ ಕೂಡಲೇ ಗೌಂಡಿ ಆ ಅಂಚಿಗೆ ಸಳಿ ಚುಚ್ಚಿ ನೋಡಿದರು, ಸಲೀಸಾಗಿ ಇಳಿಯಿತು. ಇಳಿಯದೆ ಹೋಗಿದ್ದರೆ ಅಲ್ಲಿಯೂ ಕಡಿದು ಜೋಡಣೆ ಮಾಡಬೇಕಾಗುತ್ತಿತ್ತು.

7. ಅರ್ಧ ಚೀಲ ಮುಗಿದಾಗ ಅರ್ಧ ಸ್ಲ್ಯಾಬ್ ಆಗಿದೆಯೇ ನೋಡಿ

ಚಾಚಿದ ಭಾಗದ ಎಂಟೂವರೆ ಚೀಲ ಹೇಗಿದ್ದರೂ ಬೇಕಾಗಿದ್ದವು. ಅದನ್ನು ನಷ್ಟ ಅನ್ನಲಾಗದು. ನಿಜವಾದ ನಷ್ಟ ಅಂದರೆ ಅರ್ಧ ಇಂಚಿನ ಹನ್ನೊಂದು ಚೀಲ, ಉಸುಕಿಗೆ ಕಾಯುತ್ತಾ ಕೂತವರ ಕೂಲಿ, ಮಿಕ್ಸರಿನ ಎರಡನೇ ದಿನದ ಬಾಡಿಗೆ. ಇದರಲ್ಲಿ ಹೆಚ್ಚಿನದನ್ನು ಆ ದಿನ ಮಧ್ಯಾಹ್ನವೇ ತಪ್ಪಿಸಬಹುದಿತ್ತು.

70 ಚೀಲ ಮುಗಿದಾಗ ನನ್ನ ಹಾಳೆಯ ಪ್ರಕಾರ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಆಗಿರಬೇಕಿತ್ತು. ನಿಜದಲ್ಲಿ ಆಗಿದ್ದದ್ದು ನೂರಕ್ಕೆ ನಲವತ್ತನಾಲ್ಕು. ಕಣ್ಣಿಗೆ ಅದು ಕಾಣಲಿಲ್ಲ, ಯಾಕೆಂದರೆ ಅರ್ಧ ಎಲ್ಲಿ ಬರುತ್ತದೆ ಅಂತ ನಾನು ಗುರುತು ಹಾಕಿರಲಿಲ್ಲ.

ಮುಂದಿನ ಸ್ಲ್ಯಾಬ್ ಉಮರ್ಗಾ ರಸ್ತೆಯ ಒಂದು ಅಂಗಡಿ ಸಾಲಿನದು. ಸೆಂಟ್ರಿಂಗ್ ಅಳೆದು, ಬೀಮು ಸೇರಿಸಿ, ಕಾಲು, ಅರ್ಧ, ಮುಕ್ಕಾಲು ಕಾಂಕ್ರೀಟಿಗೆ ಮಾಲು ಎಲ್ಲಿಗೆ ಮುಟ್ಟಬೇಕು ಅಂತ ಬದಿಯ ಹಲಗೆಯ ಮೇಲೆ ಕೆಂಪು ಬಣ್ಣದಿಂದ ಗೆರೆ ಎಳೆದೆ. ಗೋಡೆಯ ಮೇಲೆ ಚೀಲದ ಗೆರೆ, ಹಲಗೆಯ ಮೇಲೆ ಜಾಗದ ಗೆರೆ. ಕಾಲು ಭಾಗದ ಚೀಲ ಮುಗಿದಾಗ ಮಾಲು ಗೆರೆಗೆ ಮುಟ್ಟಿತ್ತು. ಅರ್ಧ ಮುಗಿದಾಗ ಗೆರೆಗೆ ಎರಡು ಅಡಿ ಹಿಂದೆ ಇತ್ತು. ಸಳಿ ತುಂಡು ಚುಚ್ಚಿ ನೋಡಿದೆ, ನಡುವೆ ಗುರುತು ಮುಳುಗುತ್ತಿತ್ತು. ಕೆಳಗಿನ ಹುಡುಗನನ್ನು ಕೂಗಿ ಹೇಳಿದೆ. ಮೂರು ಬಲ್ಲಿಯ ಬೆಣೆ ಸಡಿಲಾಗಿದ್ದವು, ಬಿಗಿ ಮಾಡಿದ. ಊಟದ ಹೊತ್ತಿಗೇ ಅಂಗಡಿಗೆ ಫೋನ್ ಮಾಡಿ ಹತ್ತು ಚೀಲ ಹೆಚ್ಚಿಗೆ ಹೇಳಿದೆ. ಸಂಜೆ ಸ್ಲ್ಯಾಬ್ ಮುಗಿದಾಗ ಅದರಲ್ಲಿ ನಾಲ್ಕು ಉಳಿದಿದ್ದವು. ಮೆಟ್ಟಿಲಿಗೆ ಬಳಸಿದೆವು.